ದಾಳ, ಇಸ್ಪೀಟ್ ಎಲೆ, ಟ್ರೀ ಡಯಾಗ್ರಾಮ್: ವರ್ಕ್‌ಶೀಟಲ್ಲಿ ಬರೋ ಪ್ರಾಬಬಿಲಿಟಿ ಲೆಕ್ಕನ ಕೊಂಬೆ ಕೊಂಬೆಯಾಗಿ ಬಿಡಿಸೋದು

ತುಮಕೂರಲ್ಲಿ ನಮ್ಮನೇಲಿ ಸಂಜೆ ಹೊತ್ತು ಒಂದಷ್ಟು ಮಕ್ಕಳು ಟ್ಯೂಷನ್‌ಗೆ ಬರ್ತಾರೆ, ಕ್ಯಾತ್ಸಂದ್ರದಿಂದ ಒಂದಿಬ್ರು, ಬಿ.ಹೆಚ್. ರೋಡ್ ಕಡೆಯಿಂದ ಒಂದಿಬ್ರು. ಬೇರೆ ಬೇರೆ ಸ್ಕೂಲು, ಆದ್ರೆ ಸಂಭವನೀಯತೆ ಪಾಠ ಬಂತು ಅಂದ್ರೆ ಎಲ್ರ ಕೈಲೂ ಹೆಚ್ಚುಕಮ್ಮಿ ಒಂದೇ ಥರದ ಜೆರಾಕ್ಸ್ ಹಾಳೆ. ಮೇಲೆ ಎರಡು ದಾಳದ ಚಿತ್ರ, ನಡುವೆ ನಾಲ್ಕು ಇಸ್ಪೀಟ್ ಎಲೆ, ಕೆಳಗೆ ಅರ್ಧ ಬರೆದು ಬಿಟ್ಟಿರೋ ಟ್ರೀ ಡಯಾಗ್ರಾಮು, "ಕೊಂಬೆಗಳನ್ನು ಪೂರ್ಣಗೊಳಿಸಿ" ಅಂತ. ಹಾಳೆಯ ಕೊನೆ ಲೆಕ್ಕ ಈ ಸಲ ಚೆನ್ನಾಗಿತ್ತು, ದಾಳ, ಎಲೆ, ಟ್ರೀ ಮೂರೂ ಒಂದರಲ್ಲೇ ಬರೋದು. ಅದನ್ನೇ ಇಟ್ಕೊಂಡು ಶುರುವಿಂದ ಕೊನೆವರೆಗೆ ಬರೀತೀನಿ. ಲೆಕ್ಕ ಹೀಗಿದೆ:

ಒಂದು ದಾಳ ಎಸೀಬೇಕು. 6 ಬಿದ್ರೆ 52 ಎಲೆಯ ಕಟ್ಟಿಂದ ಎರಡು ಎಲೆ ತೆಗೀಬೇಕು, ಮೊದಲನೇದನ್ನ ವಾಪಸ್ ಇಡೋ ಹಾಗಿಲ್ಲ. 6 ಬೀಳಲಿಲ್ಲ ಅಂದ್ರೆ ಒಂದೇ ಎಲೆ. ಕೈಗೆ ಕನಿಷ್ಠ ಒಂದು ರಾಜ ಬರೋ ಸಂಭವನೀಯತೆ ಎಷ್ಟು?

ಇದಕ್ಕೆ ಸೀದಾ ಕೈ ಹಾಕೋಕೆ ಮುಂಚೆ ದಾಳದ ಬಗ್ಗೆ ಒಂದು ಮಾತು, ಎಲೆ ಬಗ್ಗೆ ಒಂದು ಮಾತು ಮುಗಿಸಿಕೊಂಡ್ಬಿಡೋಣ, ಯಾಕಂದ್ರೆ ಟ್ರೀ ತಪ್ಪಾಗೋದು ಗೆರೆ ಎಳೆಯೋದರಲ್ಲಿ ಅಲ್ಲ, ಗೆರೆ ಮೇಲೆ ಬರೆಯೋ ಭಿನ್ನರಾಶಿಲಿ.

ದಾಳ: 21 ಅಲ್ಲ, 36

ಎರಡು ದಾಳ ಒಟ್ಟಿಗೆ ಎಸೆದ್ರೆ ಎಷ್ಟು ಫಲಿತಾಂಶ ಅಂತ ಕೇಳಿ ನೋಡಿ. 36 ಅಂತ ಎಲ್ರೂ ಬಾಯಿಪಾಠ ಹೇಳ್ತಾರೆ. ಆಮೇಲೆ ಮೊತ್ತ 8 ಬರೋ ದಾರಿ ಎಷ್ಟು ಅಂತ ಕೇಳಿದ್ರೆ "ಸಾರ್, 2 ಮತ್ತು 6, 3 ಮತ್ತು 5, 4 ಮತ್ತು 4, ಮೂರು" ಅಂತಾರೆ. ಅಲ್ಲಿಗೆ 3/36 ಅಂತ ಬರೆದು ಕೈತೊಳ್ಕೊಂಡ್ರು. ಕೆಳಗಡೆ 36 ಇಟ್ಕೊಂಡಾಗ 2,6 ಬೇರೆ 6,2 ಬೇರೆ ಅಂತ ಎಣಿಸಿದ್ದಾರೆ, ಮೇಲ್ಗಡೆ ಎಣಿಸುವಾಗ ಎರಡೂ ಒಂದೇ ಅಂದ್ಬಿಟ್ಟಿದ್ದಾರೆ, ಒಂದೇ ಭಿನ್ನರಾಶಿ ಒಳಗೆ ಎರಡು ಥರದ ಎಣಿಕೆ. ಸರಿ ಉತ್ತರ 5/36.

ಯಾಕೆ ಬೇರೆ ಬೇರೆ ಅಂತ ಎಣಿಸಬೇಕು ಅನ್ನೋದಕ್ಕೆ ನಾನು ಮಾಡಿಸೋದು ಇಷ್ಟೇ, ಒಂದು ದಾಳಕ್ಕೆ ಕೆಂಪು ಸ್ಕೆಚ್ ಪೆನ್ನಲ್ಲಿ ಗುರುತು ಹಾಕ್ಸೋದು. ಈಗ ಕೆಂಪಲ್ಲಿ 2 ಬಿಳಿಯಲ್ಲಿ 6 ಬೀಳೋದೇ ಬೇರೆ, ಕೆಂಪಲ್ಲಿ 6 ಬಿಳಿಯಲ್ಲಿ 2 ಬೀಳೋದೇ ಬೇರೆ, ಕಣ್ಣಿಗೇ ಕಾಣುತ್ತೆ. ಆದ್ರೆ ಕೆಂಪು 4 ಬಿಳಿ 4 ಅನ್ನೋದು ಒಂದೇ ಒಂದು ರೀತೀಲಿ ಬೀಳೋಕೆ ಸಾಧ್ಯ. ಬಣ್ಣ ಬಳಿದಿಲ್ಲ ಅಂದ ಮಾತ್ರಕ್ಕೆ ದಾಳ ತನ್ನ ನಡವಳಿಕೆ ಬದಲಾಯಿಸಿಕೊಳ್ಳಲ್ಲ ಅಲ್ವಾ, ಹಾಗಾಗಿ ಬಣ್ಣ ಇರಲಿ ಬಿಡಲಿ ಎಣಿಕೆ 36ರಲ್ಲೇ ಮಾಡಬೇಕು. ಜೋಡಿಗಳನ್ನ ಒಟ್ಟು ಮಾಡಿ 21 ಅಂತ ಇಟ್ಕೊಂಡ್ರೆ ಆ 21ಕ್ಕೂ ಸಮಾನ ಅವಕಾಶ ಇರಲ್ಲ, 2-6 ಅನ್ನೋದು 4-4ಗಿಂತ ಎರಡು ಪಟ್ಟು ಸಲ ಬೀಳುತ್ತೆ.

ಇದು ಮಕ್ಕಳು ಮಾತ್ರ ಎಡವೋ ಜಾಗ ಅಲ್ಲ. 17ನೇ ಶತಮಾನದ ಶುರುವಲ್ಲಿ ಇಟಲಿಯ ಜೂಜುಗಾರರಿಗೆ ಮೂರು ದಾಳ ಎಸೆದಾಗ ಮೊತ್ತ 10 ಅನ್ನೋದು 9ಕ್ಕಿಂತ ಸ್ವಲ್ಪ ಜಾಸ್ತಿ ಬೀಳ್ತಿದೆ ಅಂತ ಆಡಿ ಆಡಿ ಗೊತ್ತಾಗಿತ್ತು, ಆದ್ರೆ ಬರೆದು ನೋಡಿದ್ರೆ 9 ಬರೋಕೂ ಆರು ಜೋಡಣೆ, 10 ಬರೋಕೂ ಆರೇ ಜೋಡಣೆ. ಆ ಗಂಟು ಬಿಚ್ಚಿದವರು ಗೆಲಿಲಿಯೋ. ದಾಳಗಳನ್ನ ಬೇರೆ ಬೇರೆ ಅಂತ ಎಣಿಸಿದ್ರೆ 216ರಲ್ಲಿ 9ಕ್ಕೆ 25 ದಾರಿ, 10ಕ್ಕೆ 27. ವ್ಯತ್ಯಾಸ ಬರೋದು 3,3,3 ಅನ್ನೋ ಒಂದು ಜೋಡಣೆಯಿಂದಾನೆ ಅನ್ನಬಹುದು, ಅದು ಒಂದೇ ದಾರೀಲಿ ಬೀಳುತ್ತೆ, 10ರ ಪಟ್ಟೀಲಿ ಮೂರೂ ಒಂದೇ ಆಗಿರೋ ಅಂಥದ್ದು ಯಾವುದೂ ಇಲ್ಲ.

ಎರಡು ದಾಳದ ಮೊತ್ತದ ಪ್ರಶ್ನೆಗೆ ಟ್ರೀ ಬರೀಬೇಡಿ. ಆರು ಕೊಂಬೆ, ಪ್ರತಿಯೊಂದಕ್ಕೂ ಮತ್ತೆ ಆರು, 36 ತುದಿ, ಹಾಳೆ ಸಾಲಲ್ಲ, ಗೆರೆ ಮೇಲೆ ಗೆರೆ ಬಿದ್ದು ಎಣಿಸೋದೇ ಕಷ್ಟ. 6 ಅಡ್ಡ 6 ಉದ್ದ ಚೌಕದ ಟೇಬಲ್ ಹಾಕಿ, ಒಳಗೆ ಮೊತ್ತ ಬರೀರಿ, 8 ಇರೋ ಚೌಕಗಳು ಓರೆಯಾಗಿ ಒಂದೇ ಗೆರೆಯಲ್ಲಿ ಬರ್ತವೆ, ಐದು. ಟ್ರೀ ಬೇಕಾಗೋದು "6 ಬಿತ್ತಾ ಇಲ್ವಾ" ಅನ್ನೋ ಥರ ಎರಡೇ ಪಾಲು ಮಾಡೋಕೆ ಆಗುವಾಗ.

ಉದಾಹರಣೆಗೆ ಎರಡು ದಾಳದಲ್ಲಿ ಕನಿಷ್ಠ ಒಂದು 6. ಇಲ್ಲಿ 1/6 + 1/6 ಅಂತ ಕೂಡಿಸಿ 12/36 ಅನ್ನೋರು ತುಂಬಾ ಜನ. ಹಾಗೆ ಕೂಡಿಸ್ತಾ ಹೋದ್ರೆ ಆರು ದಾಳ ಎಸೆದಾಗ 6 ಬಿದ್ದೇ ಬೀಳಬೇಕು, ಏಳು ದಾಳಕ್ಕೆ 7/6, ಒಂದಕ್ಕಿಂತ ಜಾಸ್ತಿ, ಅಂಥ ಸಂಭವನೀಯತೆ ಇರೋಕೇ ಸಾಧ್ಯ ಇಲ್ಲ. ನಿಜವಾದ ಉತ್ತರ 11/36. ಎರಡರಲ್ಲೂ 6 ಬೀಳೋ ಆ ಒಂದು ಚೌಕನ ಅವರು ಎರಡು ಸಲ ಎಣಿಸಿರ್ತಾರೆ, ಅಷ್ಟೇ. "ಕನಿಷ್ಠ ಒಂದು" ಅನ್ನೋ ಪದ ಕಂಡ ತಕ್ಷಣ ಪೂರಕ ಘಟನೆ ನೆನಪಾಗಬೇಕು, ಒಂದೂ ಬರದೇ ಇರೋದು 5/6 × 5/6 = 25/36, ಅದನ್ನ 1ರಿಂದ ಕಳೆದ್ರೆ 11/36.

ಎಲೆ: ಕಟ್ಟಲ್ಲಿ ಈಗ ಎಷ್ಟಿದೆ?

ಇಸ್ಪೀಟ್ ಕಟ್ಟನ್ನ ಮುಟ್ಟೇ ನೋಡದ ಮಕ್ಕಳು ಈಗ ಜಾಸ್ತಿ. ಮನೇಲಿ ದೊಡ್ಡೋರು ಎಲೆ ಮುಟ್ಟಿದ್ರೆ ಬೈತಾರೆ, ಸ್ಕೂಲಲ್ಲಿ ಅದೇ ಎಲೆ ಮೇಲೆ ಲೆಕ್ಕ ಕೊಡ್ತಾರೆ, ಪಾಪ ಅವು ಏನ್ ಮಾಡಬೇಕು. ಹಾಗಾಗಿ ಬೇಗ ಹೇಳ್ಬಿಡ್ತೀನಿ. 52 ಎಲೆ, ನಾಲ್ಕು ಜಾತಿ, ಒಂದೊಂದರಲ್ಲಿ 13. ಆಟೀನು, ಡೈಮಂಡು ಕೆಂಪು, ಇಸ್ಪೀಟು, ಕಳಾವರ ಕಪ್ಪು, ಅಲ್ಲಿಗೆ 26 ಕೆಂಪು 26 ಕಪ್ಪು. ರಾಜ, ರಾಣಿ, ಗುಲಾಮ ಮುಖದ ಕಾರ್ಡು, ಒಟ್ಟು 12. ಎಕ್ಕ ಮುಖದ ಕಾರ್ಡಲ್ಲ, ಅದಕ್ಕೆ ಮುಖ ಇಲ್ಲ, ಇಲ್ಲೂ ಒಂದು ಮಾರ್ಕು ಕಳ್ಕೊಳ್ಳೋರು ಇದ್ದಾರೆ. ಜೋಕರ್ ಲೆಕ್ಕಕ್ಕಿಲ್ಲ.

ಎಲೆ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಕೇಳ್ಕೋಬೇಕಾದ್ದು ಒಂದೇ ಪ್ರಶ್ನೆ: ಈ ಕ್ಷಣ ಕಟ್ಟಲ್ಲಿ ಎಷ್ಟು ಎಲೆ ಇದೆ, ಅದರಲ್ಲಿ ನಂಗೆ ಬೇಕಾದ್ದು ಎಷ್ಟು? "ಕಪ್ಪು ಮುಖದ ಕಾರ್ಡುಗಳನ್ನು ತೆಗೆದುಹಾಕಲಾಗಿದೆ" ಅಂತ ಮೊದಲ ಸಾಲಲ್ಲೇ ಬರೆದಿದ್ರೆ ಆರು ಎಲೆ ಹೋಯ್ತು, ಛೇದದಲ್ಲಿ 46 ಬರಬೇಕು, 52 ಅಲ್ಲ. ಹಾಗೇ ಒಂದು ಎಲೆ ತೆಗೆದು ವಾಪಸ್ ಇಡದೇ ಇದ್ರೆ ಎರಡನೇ ಸಲಕ್ಕೆ 51. ವಾಪಸ್ ಇಟ್ಟು ಕಲೆಸಿದ್ರೆ ಮತ್ತೆ 52.

"ಎರಡು ಎಲೆಗಳನ್ನು ಒಟ್ಟಿಗೆ ತೆಗೆಯಲಾಗಿದೆ" ಅಂತ ಇದ್ರೆ ಗಾಬರಿ ಬೇಡ. ಒಟ್ಟಿಗೆ ತೆಗೆಯೋದು ಅಂದ್ರೆ ಒಂದಾದ ಮೇಲೆ ಒಂದು, ವಾಪಸ್ ಇಡದೆ ತೆಗೆದ ಹಾಗೇ, ಎರಡೂ ಕೈಗೆ ಬಂದ ಮೇಲೆ ಯಾವುದು ಮೊದಲು ಬಂತು ಅಂತ ನೋಡಲ್ಲ ಅಷ್ಟೇ. ಟ್ರೀ ಬರೆಯೋಕೆ ಒಂದನ್ನ ಮೊದಲನೇದು, ಇನ್ನೊಂದನ್ನ ಎರಡನೇದು ಅಂತ ನಾವೇ ಕರ್ಕೋಬಹುದು.

ಎರಡು ಎಲೆಲಿ ಒಂದು ಕೆಂಪು ಒಂದು ಕಪ್ಪು ಬರೋ ಸಂಭವನೀಯತೆ ಕೇಳಿದ್ರೆ ಬಹಳ ಜನ ಅರ್ಧ ಅಂತಾರೆ. ವಾಪಸ್ ಇಟ್ರೆ ಹೌದು ಅರ್ಧ. ಇಡದೇ ಇದ್ರೆ, ಮೊದಲು ಕೆಂಪು ಆಮೇಲೆ ಕಪ್ಪು 26/52 × 26/51, ಮೊದಲು ಕಪ್ಪು ಆಮೇಲೆ ಕೆಂಪು ಅದೂ ಅಷ್ಟೇ, ಎರಡೂ ಕೂಡಿಸಿದ್ರೆ 26/51. ಅರ್ಧಕ್ಕಿಂತ ಒಂದು ಚೂರು ಜಾಸ್ತಿ. ಕಾರಣ ಸುಲಭ, ಒಂದು ಕೆಂಪು ಎಲೆ ಕೈಗೆ ಬಂದ ಮೇಲೆ ಕಟ್ಟಲ್ಲಿ ಕೆಂಪು 25 ಇದೆ, ಕಪ್ಪು 26 ಇದೆ, ಮುಂದಿನ ಎಲೆ ಬೇರೆ ಬಣ್ಣದ್ದಾಗೋ ಕಡೆಗೇ ತಕ್ಕಡಿ ಸ್ವಲ್ಪ ವಾಲಿದೆ. ಎರಡೂ ಕೆಂಪು 25/102, ಎರಡೂ ಕಪ್ಪು 25/102, ಈ ಮೂರೂ ಕೂಡಿಸಿ ನೋಡಿ, 1 ಬರುತ್ತೆ.

ಈಗ ಟ್ರೀ ಬರೆಯೋಣ

ಪೆನ್ಸಿಲ್ ಇಡೋಕೆ ಮುಂಚೆ ತುದಿ ಎಷ್ಟು ಬರುತ್ತೆ ಅಂತ ಮನಸ್ಸಲ್ಲೇ ಎಣಿಸಿ. ಹಾಳೆ ಅಡ್ಡ ಇಟ್ಕೊಳ್ಳಿ, ಎಡದಿಂದ ಬಲಕ್ಕೆ ಬರೀರಿ. ವರ್ಕ್‌ಶೀಟಲ್ಲಿ ಕೊಡೋ ಜಾಗ ಸಾಮಾನ್ಯವಾಗಿ ಸಾಲಲ್ಲ, ಹಿಂದುಗಡೆ ಬರೆಯೋದು ವಾಸಿ. ಮೊದಲ ಕೊಂಬೆಗಳನ್ನ ದೂರ ದೂರ ಎಳೀಬೇಕು, ಹತ್ತಿರ ಎಳೆದ್ರೆ ಮುಂದಿನ ಹಂತದಲ್ಲಿ ಒಂದಕ್ಕೊಂದು ಸಿಕ್ಕಾಕ್ಕೊಳ್ತವೆ. ಮೇಲ್ಗಡೆ ಹಂತದ ಹೆಸರು ಬರೀರಿ, ದಾಳ, ಮೊದಲ ಎಲೆ, ಎರಡನೇ ಎಲೆ ಅಂತ. ಕೊಂಬೆ ತುದೀಲಿ ಏನಾಯ್ತು ಅನ್ನೋದು, ಗೆರೆ ಮೇಲೆ ಎಷ್ಟು ಅವಕಾಶ ಅನ್ನೋದು, ಇದನ್ನ ಉಲ್ಟಾ ಮಾಡಬೇಡಿ.

ನಮ್ಮ ಲೆಕ್ಕದಲ್ಲಿ ದಾಳಕ್ಕೆ ಆರು ಕೊಂಬೆ ಬೇಕಾಗಿಲ್ಲ. ಆಟದ ನಿಯಮ ಕೇಳೋದು 6 ಬಿತ್ತಾ ಇಲ್ವಾ ಅಂತ ಮಾತ್ರ, 1 ಬಿದ್ರೂ 5 ಬಿದ್ರೂ ಮುಂದೆ ನಡೆಯೋದು ಒಂದೇ. ಹಾಗಾಗಿ ಎರಡು ಕೊಂಬೆ, ಒಂದರ ಮೇಲೆ 1/6, ಇನ್ನೊಂದರ ಮೇಲೆ 5/6. ಇಲ್ಲೇ ಒಬ್ಬ ಹುಡುಗ "ಸಾರ್, ಎರಡು ಕೊಂಬೆ ಐತಲ್ಲ, ಅರ್ಧ ಅರ್ಧ ಅಲ್ವಾ" ಅಂದ. ಅಲ್ಲಪ್ಪ. ಕೊಂಬೆ ಎಷ್ಟು ಅನ್ನೋದು ನಾವು ಹೇಗೆ ಗುಂಪು ಮಾಡ್ಕೊಂಡ್ವಿ ಅನ್ನೋದರ ಮೇಲೆ ಹೋಗುತ್ತೆ, ಆ ಎರಡನೇ ಕೊಂಬೆ ಒಳಗೆ ಐದು ಮುಖ ಕೂತಿವೆ. ಕೊಂಬೆ ಎಣಿಸಿ ಸಂಭವನೀಯತೆ ಬರೆದ್ರೆ ನಾಳೆ ಲಾಟರಿ ಹೊಡೆಯೋದೂ ಅರ್ಧ ಅನ್ನಬೇಕಾಗುತ್ತೆ, ಹೊಡೆಯುತ್ತೆ ಅಥವಾ ಹೊಡೆಯಲ್ಲ, ಎರಡೇ ತಾನೆ!

6 ಕೊಂಬೆಯಿಂದ ಮುಂದೆ ಮೊದಲ ಎಲೆ: ರಾಜ 4/52, ರಾಜ ಅಲ್ಲ 48/52. ಇದನ್ನ ಸುಲಭೀಕರಿಸಿ 1/13, 12/13 ಅಂತ ಈಗಲೇ ಬರೀಬೇಡಿ ಅಂತ ನಾನು ಹಠ ಮಾಡ್ತೀನಿ. 52 ಅಂತ ಕಣ್ಣೆದುರು ಇದ್ರೆ ಮುಂದಿನ ಕೊಂಬೇಲಿ 51 ಆಗಬೇಕು ಅನ್ನೋದು ತಾನಾಗೇ ಹೊಳೆಯುತ್ತೆ, 13 ಅಂತ ಬರೆದ್ಬಿಟ್ರೆ ಮುಂದೆ 12 ಬರೀಬೇಕೇನೋ ಅಂತ ಗೊಂದಲ. ಆಮೇಲೆ ಕೂಡಿಸುವಾಗಲೂ ಒಂದೇ ಛೇದ ಇದ್ರೆ ಆರಾಮು.

ಮೊದಲ ಎಲೆ ರಾಜನೇ ಬಂದ್ಬಿಟ್ರೆ ಆ ಕೊಂಬೆ ಅಲ್ಲೇ ನಿಲ್ಲಿಸಬಹುದು. ಕನಿಷ್ಠ ಒಂದು ರಾಜ ಅಂತ ಕೇಳಿರೋದು, ಅದು ಆಗ್ಲೇ ಸಿಕ್ಕಾಯ್ತು, ಎರಡನೇ ಎಲೆ ಏನಾದ್ರೂ ಬರಲಿ. ಆದ್ರೆ "ಸರಿಯಾಗಿ ಒಂದೇ ರಾಜ" ಅಂತ ಕೇಳಿದ್ರೆ ನಿಲ್ಲಿಸೋ ಹಾಗಿಲ್ಲ, ಮುಂದೆ 3/51, 48/51 ಅಂತ ಎಳೀಲೇಬೇಕು. ಪ್ರಶ್ನೆಯ ಆ ಒಂದು ಪದ ನೋಡಿ ಟ್ರೀ ಎಷ್ಟು ಉದ್ದ ಅನ್ನೋದು ತೀರ್ಮಾನ ಆಗುತ್ತೆ.

ಮೊದಲನೇದು ರಾಜ ಅಲ್ಲ ಅಂದ್ರೆ ಕಟ್ಟಲ್ಲಿ 51 ಎಲೆ, ನಾಲ್ಕೂ ರಾಜ ಇನ್ನೂ ಒಳಗೇ ಇವೆ. ಅದಕ್ಕೆ 4/51, ಉಳಿದದ್ದು 47/51. ಇಲ್ಲಿ 3/51 ಬರೆಯೋರು ಬಹಳ, ಎರಡನೇ ಸಲ ಅಂದ್ರೆ ಮೇಲೂ ಒಂದು ಕೆಳಗೂ ಒಂದು ಕಮ್ಮಿ ಮಾಡಬೇಕು ಅನ್ನೋದು ಕೈಗೆ ರೂಢಿಯಾಗಿಬಿಟ್ಟಿರುತ್ತೆ. ಕಮ್ಮಿ ಆಗಿರೋದು ಯಾವ ಎಲೆ ಅಂತ ಕೇಳ್ಕೊಂಡ್ರೆ ಈ ತಪ್ಪು ಆಗಲ್ಲ, ಹೋಗಿರೋದು ರಾಜ ಅಲ್ಲದ್ದು, ಹಾಗಾಗಿ 48ರಲ್ಲಿ ಒಂದು ಕಮ್ಮಿಯಾಗಿ 47 ಆಯ್ತು, 4 ಹಾಗೇ ಇದೆ.

6 ಅಲ್ಲದ ಕೊಂಬೇಲಿ ಒಂದೇ ಎಲೆ, 4/52 ಮತ್ತು 48/52, ಅಲ್ಲಿಗೆ ಮುಗೀತು. ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಆಗಿರೋ ಟ್ರೀ ನೋಡಿ ಏನೋ ತಪ್ಪಾಗಿದೆ ಅಂತ ಅಳಿಸೋರು ಇದ್ದಾರೆ. ಏನೂ ತಪ್ಪಿಲ್ಲ, ಆಟವೇ ಹಾಗಿದೆ. ಎಲ್ಲಾ ಬರೆದ ಮೇಲೆ ಹೀಗೆ ಕಾಣುತ್ತೆ:

```
6 (1/6)
├─ ರಾಜ (4/52)
└─ ರಾಜ ಅಲ್ಲ (48/52)
   ├─ ರಾಜ (4/51)
   └─ ರಾಜ ಅಲ್ಲ (47/51)
6 ಅಲ್ಲ (5/6)
├─ ರಾಜ (4/52)
└─ ರಾಜ ಅಲ್ಲ (48/52)
```

ಮುಂದಕ್ಕೆ ಹೋಗೋಕೆ ಮುಂಚೆ ಒಂದು ಸಲ ಕಣ್ಣಾಡಿಸಿ, ಒಂದೇ ಜಾಗದಿಂದ ಹೊರಟ ಕೊಂಬೆಗಳ ಭಿನ್ನರಾಶಿ ಕೂಡಿಸಿದ್ರೆ 1 ಬರಬೇಕು. 1/6 ಮತ್ತು 5/6, ಸರಿ. 4/51 ಮತ್ತು 47/51, ಸರಿ. 3/51 ಬರೆದಿದ್ರೆ 50/51 ಆಗಿ ಇಲ್ಲೇ ಸಿಕ್ಕಿಬೀಳ್ತಿತ್ತು.

ಯಾವಾಗ ಗುಣಿಸೋದು, ಯಾವಾಗ ಕೂಡಿಸೋದು

ಒಂದೇ ದಾರೀಲಿ ಎಡದಿಂದ ಬಲಕ್ಕೆ ಹೋಗ್ತಾ ಗುಣಿಸಬೇಕು, ಬೇರೆ ಬೇರೆ ತುದಿಗಳನ್ನ ಸೇರಿಸುವಾಗ ಕೂಡಿಸಬೇಕು. ಇದನ್ನ ಬಾಯಿಪಾಠ ಮಾಡಿ ಉಲ್ಟಾ ನೆನಪಿಟ್ಕೊಳ್ಳೋರಿಗೆ ನಾನು ತಲೆ ಎಣಿಸೋಕೆ ಹೇಳ್ತೀನಿ. ಗುಬ್ಬಿ ಜಾತ್ರೇಲಿ 312 ಜನ ಒಬ್ಬೊಬ್ಬರಾಗಿ ಬಂದು ಈ ಆಟ ಆಡಿದ್ರು ಅಂದ್ಕೊಳ್ಳಿ, ಒಬ್ಬರಾದ ಮೇಲೆ ಒಬ್ಬರಿಗೆ ಎಲೆ ಎಲ್ಲಾ ಸೇರಿಸಿ ಹೊಸದಾಗಿ ಕಲೆಸಿ ಕೊಡ್ತೀವಿ. ಆರರಲ್ಲಿ ಒಂದು ಪಾಲು, ಅಂದ್ರೆ ಸರಾಸರಿ 52 ಜನಕ್ಕೆ 6 ಬೀಳುತ್ತೆ. ಆ 52 ಜನರಲ್ಲಿ ಸರಾಸರಿ 4 ಜನಕ್ಕೆ ಮೊದಲ ಎಲೇನೇ ರಾಜ. ಪಾಲಿನಲ್ಲಿ ಪಾಲು ತಗೊಂಡ್ವಿ, ಅದೇ ಗುಣಾಕಾರ, 1/6 × 4/52 = 4/312. ಇನ್ನು 6 ಬೀಳದ 260 ಜನದಲ್ಲಿ ಸರಾಸರಿ 20 ಜನಕ್ಕೆ ರಾಜ ಬರುತ್ತೆ. ಆ 4 ಜನ ಬೇರೆ, ಈ 20 ಜನ ಬೇರೆ, ಇಬ್ಬರೂ ಗೆದ್ದೋರೇ, ಗೆದ್ದೋರು ಎಷ್ಟು ಅಂದ್ರೆ ಕೂಡಿಸಲೇಬೇಕು. ಒಬ್ಬ ಮನುಷ್ಯ ಎರಡು ತುದೀಲಿ ನಿಲ್ಲೋಕಾಗಲ್ಲ, ಹಾಗಾಗಿ ದಾಳದ ಲೆಕ್ಕದಲ್ಲಿ ಆದ ಹಾಗೆ ಎರಡು ಸಲ ಎಣಿಸೋ ಭಯ ಟ್ರೀ ತುದಿಗಳಲ್ಲಿ ಇಲ್ಲ.

ಈಗ ಐದೂ ತುದಿ ಲೆಕ್ಕ ಹಾಕೋಣ. ಎಲ್ಲದಕ್ಕೂ ಒಂದೇ ಛೇದ ಇರಲಿ ಅಂತ 6 × 52 × 51 = 15912 ಇಟ್ಕೊಳ್ತೀನಿ. ಸಂಖ್ಯೆ ದೊಡ್ಡದು ಅನ್ಸುತ್ತೆ, ಆದ್ರೆ ಮೇಲಿನ ಅಂಶ ಮಾತ್ರ ನೋಡಿದ್ರೆ ಸಾಕು. ಎರಡೇ ಹಂತ ಇರೋ ತುದಿಗಳಿಗೆ ಮೇಲೂ ಕೆಳಗೂ 51ರಿಂದ ಗುಣಿಸ್ಕೋಬೇಕು, ಅದೊಂದು ಮರೀಬೇಡಿ.

```
6, ರಾಜ                  : 1 × 4 × 51  =   204
6, ರಾಜ ಅಲ್ಲ, ರಾಜ        : 1 × 48 × 4  =   192
6, ರಾಜ ಅಲ್ಲ, ರಾಜ ಅಲ್ಲ   : 1 × 48 × 47 =  2256
6 ಅಲ್ಲ, ರಾಜ             : 5 × 4 × 51  =  1020
6 ಅಲ್ಲ, ರಾಜ ಅಲ್ಲ        : 5 × 48 × 51 = 12240
```

ಐದನ್ನೂ ಕೂಡಿಸಿ, 15912 ಸರಿಯಾಗಿ ಬರುತ್ತೆ. ಇದು ಬಂದಿಲ್ಲ ಅಂದ್ರೆ ಉತ್ತರ ಬರೆಯೋಕೆ ಹೋಗಬೇಡಿ, ಎಲ್ಲೋ ಒಂದು ಕೊಂಬೆ ತಪ್ಪಿದೆ ಅಥವಾ ಒಂದು ತುದಿ ಬಿಟ್ಟುಹೋಗಿದೆ. ಬಂತು ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಾನೂ ಅಲ್ಲ, ಅದು ಗೊತ್ತಿರಲಿ. ಎರಡನೇ ಎಲೆಗೂ 4/52, 48/52 ಅಂತಾನೇ ಬರೆದಿದ್ರೆ ತುದಿಗಳ ಮೊತ್ತ 1 ಬಂದೇ ಬರುತ್ತೆ, ಆದ್ರೆ ಅದು ವಾಪಸ್ ಇಟ್ಟ ಆಟದ ಉತ್ತರ, ನಮ್ಮ ಆಟದ್ದಲ್ಲ. ಕೂಡಿಸಿ ನೋಡೋ ಪರೀಕ್ಷೆ ಕೂಡೋ ಗುಣಿಸೋ ತಪ್ಪು ಹಿಡಿಯುತ್ತೆ, ಪ್ರಶ್ನೆ ಓದೋದರಲ್ಲಿ ಆದ ತಪ್ಪು ಹಿಡಿಯಲ್ಲ.

ರಾಜ ಸಿಕ್ಕ ತುದಿ ಮೂರು: 204, 192, 1020. ಮೊತ್ತ 1416. ಹಾಗಾಗಿ 1416/15912, ಎರಡನ್ನೂ 24ರಿಂದ ಭಾಗಿಸಿದ್ರೆ 59/663. ದಶಮಾಂಶದಲ್ಲಿ ಸುಮಾರು 0.089.

ಈ ಉತ್ತರ ನಂಬೋಹಾಗಿದೆಯಾ ಅಂತ ನೋಡೋದು ಹೇಗೆ? ಒಂದೇ ಎಲೆ ತೆಗೆದ್ರೆ ರಾಜ ಬರೋದು 1/13, ಅಂದ್ರೆ ಸುಮಾರು 0.077. ಎರಡು ಎಲೆ ತೆಗೆದ್ರೆ ಕನಿಷ್ಠ ಒಂದು ರಾಜ 33/221, ಸುಮಾರು 0.149. ನಮ್ಮ ಆಟ ಇವೆರಡರ ನಡುವಿನದು, ಆರರಲ್ಲಿ ಐದು ಪಾಲು ಒಂದೇ ಎಲೆ, ಒಂದು ಪಾಲು ಎರಡು ಎಲೆ. ಉತ್ತರ ಈ ಎರಡರ ಮಧ್ಯೆ ಇರಬೇಕು, ಅದೂ 0.077 ಕಡೆಗೇ ಹತ್ತಿರ ಇರಬೇಕು. 0.089 ಹಾಗೇ ಇದೆ. ಯಾರಾದ್ರೂ 0.2 ಅಂತ ಬರೆದು ತಂದ್ರೆ ಅವರ ಹಂತಗಳನ್ನ ಓದದೇನೇ ತಪ್ಪು ಅಂತ ಹೇಳಬಹುದು. ಕೀ ಆನ್ಸರ್ ತಪ್ಪು ಪ್ರಿಂಟ್ ಆಗಿರೋ ವರ್ಕ್‌ಶೀಟ್‌ಗಳೂ ಓಡಾಡ್ತಿರ್ತವೆ, ಹಾಗಾಗಿ ಹಿಂದಿನ ಪುಟದ ಉತ್ತರಕ್ಕೆ ಹೊಂದಿಸೋಕೆ ಅಂತ ಸರಿಯಾದ ಟ್ರೀನ ಅಳಿಸೋ ಬದಲು ಈ ಥರ ಅಂದಾಜು ಹಾಕಿ ನೋಡೋದು ಒಳ್ಳೇದು.

ಪೂರಕದಿಂದ ಮಾಡಿದ್ರೂ ಅದೇ ಬರುತ್ತೆ. ರಾಜ ಸಿಗದ ತುದಿ ಎರಡೇ, 2256 + 12240 = 14496, ಅದನ್ನ 15912ರಿಂದ ಕಳೆದ್ರೆ 1416. ಇಲ್ಲಿ ಮೂರಕ್ಕೆ ಎರಡು ತುದಿ, ದೊಡ್ಡ ಉಳಿತಾಯ ಏನಿಲ್ಲ. ಮೂರು ನಾಲ್ಕು ಎಲೆ ತೆಗೆಯೋ ಪ್ರಶ್ನೆ ಬಂದಾಗ ಪೂರಕದ ದಾರಿ ಒಂದೇ ಕೊಂಬೆಯಲ್ಲಿ ಮುಗಿಸುತ್ತೆ, ಅಲ್ಲಿ ಅದನ್ನೇ ಹಿಡೀರಿ. ಎರಡು ರೀತೀಲೂ ಮಾಡಿ ತಾಳೆ ನೋಡೋಕೆ ಟೈಮ್ ಇದ್ರೆ ಇನ್ನೂ ಒಳ್ಳೇದು.

ಉತ್ತರ ಬರೆಯುವಾಗ

ಬರೀ ಟ್ರೀ ಬರೆದು ಪಕ್ಕದಲ್ಲಿ 59/663 ಅಂತ ಗೀಚಿದ್ರೆ ಓದೋರಿಗೆ ನೀವು ಯಾವ ತುದಿ ತಗೊಂಡ್ರಿ ಅಂತ ಗೊತ್ತಾಗಲ್ಲ. ರಾಜ ಸಿಕ್ಕ ಮೂರು ತುದಿಗೂ ಟಿಕ್ ಹಾಕಿ, ಕೆಳಗೆ ಒಂದೇ ಸಾಲಲ್ಲಿ ಬರೀರಿ:

```
P = (1/6 × 4/52) + (1/6 × 48/52 × 4/51) + (5/6 × 4/52) = 59/663
```

ವಾಪಸ್ ಇಡಬೇಕಾ ಬೇಡ್ವಾ ಅಂತ ಪ್ರಶ್ನೇಲಿ ಹೇಳೇ ಇಲ್ಲ ಅಂದ್ರೆ, ಅಂಥವೂ ಬರ್ತವೆ, "ಎಲೆಯನ್ನು ಹಿಂದಿರುಗಿಸಿಲ್ಲ ಎಂದು ಭಾವಿಸಿದೆ" ಅಂತ ಒಂದು ಸಾಲು ಮೇಲೆ ಬರೆದು ಮುಂದುವರೀರಿ.

ಅದೇ ಟ್ರೀನ ಹಿಂದಿನಿಂದ ಓದೋದು

ವರ್ಕ್‌ಶೀಟಲ್ಲಿ ಇದನ್ನ ಕೇಳಿರಲಿಲ್ಲ, ಆದ್ರೆ ಟ್ರೀ ರೆಡಿ ಇರುವಾಗ ಬಿಡೋಕೆ ಮನಸ್ಸು ಬರಲ್ಲ. ಪಕ್ಕದ ರೂಮಲ್ಲಿ ಯಾರೋ ಆಡ್ತಿದ್ದಾರೆ, "ರಾಜ ಬಂತು!" ಅಂತ ಕೂಗಿದ್ರು. ದಾಳದಲ್ಲಿ 6 ಬಿದ್ದಿತ್ತು ಅನ್ನೋಕೆ ಎಷ್ಟು ಅವಕಾಶ?

1/6 ಅನ್ನೋದು ಕೂಗು ಕೇಳೋಕೆ ಮುಂಚಿನ ಮಾತು. ಈಗ ರಾಜ ಸಿಗದ ಎರಡು ತುದಿ ಅಳಿಸಿಹೋದ್ವು. ಉಳಿದಿರೋದು 1416, ಅದರಲ್ಲಿ 6ರ ಕಡೆಯಿಂದ ಬಂದಿದ್ದು 204 + 192 = 396. ಉತ್ತರ 396/1416, ಅಂದ್ರೆ 33/118, ಸುಮಾರು 0.28. 1/6 ಅಂದ್ರೆ 0.167 ಇತ್ತು, ಈಗ ಏರಿದೆ, ಯಾಕಂದ್ರೆ 6 ಬಿದ್ದೋರಿಗೆ ರಾಜ ಸಿಗೋಕೆ ಎರಡು ಚಾನ್ಸ್ ಇತ್ತು. ಆದ್ರೂ ಅರ್ಧ ದಾಟಿಲ್ಲ ನೋಡಿ, 6 ಬೀಳದೇ ಇರೋರ ಸಂಖ್ಯೆನೇ ಅಷ್ಟು ದೊಡ್ಡದು. ಪಿಯುಸಿಲಿ ಬೇಯ್ಸ್ ಪ್ರಮೇಯ ಅಂತ ಸೂತ್ರ ಕೊಟ್ಟು ಮಾಡಿಸೋದು ಇದನ್ನೇ, ಟ್ರೀ ಬರೆದು ತುದಿ ಆರಿಸಿದೋರಿಗೆ ಆ ಸೂತ್ರದ ಮೇಲಿನ ಸಾಲು ಕೆಳಗಿನ ಸಾಲು ಎಲ್ಲಿಂದ ಬಂತು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಕೈ ಪಳಗೋಕೆ ಒಂದು ಬದಲಾವಣೆ ಮಾಡಿ ನೋಡಿ. ಆಟ ಅದೇ, ಆದ್ರೆ ಈಗ ಗೆಲ್ಲೋಕೆ ರಾಜ ಅಥವಾ ಎಕ್ಕ ಯಾವುದು ಬಂದ್ರೂ ಆಗುತ್ತೆ, ಕನಿಷ್ಠ ಒಂದು. ಬೇಕಾದ ಎಲೆ 4ರ ಬದಲು 8, ಟ್ರೀ ಆಕಾರ ಬದಲಾಗಲ್ಲ, ಗೆರೆ ಮೇಲಿನ ಸಂಖ್ಯೆ ಮಾತ್ರ 8/52, 44/52, ಎರಡನೇ ಎಲೆಗೆ 8/51, 43/51. ಉತ್ತರ ಡಬಲ್ ಆಗುತ್ತೆ ಅಂತ 118/663 ಬರೆಯೋ ಆಸೆ ಆಗುತ್ತೆ, ಬರೀಬೇಡಿ, ಎರಡೂ ಎಲೆ ಗೆಲ್ಲೋ ಎಲೆಗಳೇ ಆಗಿಬಿಡೋ ಸಂದರ್ಭ ಈಗ ಜಾಸ್ತಿ ಇದೆ, ಅವು ಒಂದೇ ಗೆಲುವಾಗಿ ಲೆಕ್ಕಕ್ಕೆ ಬರ್ತವೆ. ನಿಮಗೆ 15912ರಲ್ಲಿ 2800, ಅಂದ್ರೆ 350/1989 ಬಂದಿದ್ರೆ ಕೊಂಬೆಗಳೆಲ್ಲ ಸರಿ ಇವೆ.